ಎಸ್‌ಡಿ ಜಾಸ್ತಿ ಇದ್ದರೆ ಲಾಭವೂ ಜಾಸ್ತಿಯಾ?

ಪ್ರಶ್ನೆ: ಸರ್, ನಾನು ಶಿವಮೊಗ್ಗದವಳು, ಕೆಲಸದಲ್ಲಿದ್ದೇನೆ. ಮಗಳು ಒಂಬತ್ತನೇ ಕ್ಲಾಸು. ಅವಳ ಕಾಲೇಜಿಗೆ ಅಂತ 4 ಲಕ್ಷ ಎತ್ತಿಟ್ಟಿದ್ದೇನೆ, ನಾಲ್ಕು ವರ್ಷಕ್ಕೆ ಬೇಕು. ಎರಡು ಈಕ್ವಿಟಿ ಫಂಡ್ ನೋಡಿದೆ. ಒಂದರ ಮೂರು ವರ್ಷದ ರಿಟರ್ನ್ ವರ್ಷಕ್ಕೆ 14.2%, ಸ್ಟ್ಯಾಂಡರ್ಡ್ ಡೀವಿಯೇಷನ್ 12.8. ಇನ್ನೊಂದರದು 15.1% ಮತ್ತು 17.6. "ಎಸ್‌ಡಿ ಜಾಸ್ತಿ ಇರೋದನ್ನೇ ತಗೊಳ್ಳಿ, ರಿಸ್ಕ್ ಜಾಸ್ತಿ ಅಂದ್ರೆ ಲಾಭನೂ ಜಾಸ್ತಿ" ಅಂತಾರೆ ಆಫೀಸಿನಲ್ಲಿ. ಈ ಎಸ್‌ಡಿ ಅಂದರೆ ನಿಜವಾಗಿ ಏನು? ಎರಡನೆಯದನ್ನೇ ತಗೊಳ್ಳಲಾ?

ಉತ್ತರ: ಬೇಡ. ನಿಮ್ಮ ಆಫೀಸಿನವರು ಒಂದು ನಿಜವಾದ ಮಾತನ್ನು ತಿರುಗಾಮುರುಗಾ ಮಾಡಿ ಹೇಳಿದ್ದಾರೆ. ಜಾಸ್ತಿ ಲಾಭದ ನಿರೀಕ್ಷೆ ಇರುವ ಕಡೆ ಏರಿಳಿತವೂ ಜಾಸ್ತಿ ಇರುತ್ತದೆ, ಇದು ಹೌದು. ಏರಿಳಿತ ಇರುವ ಕಡೆಯೆಲ್ಲ ಲಾಭ ಇರುತ್ತದೆ ಅನ್ನುವುದು ಬೇರೆ ಮಾತು. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ. ಅಂಗಳ ಒದ್ದೆ ಇದೆ ಅಂದ ಮಾತ್ರಕ್ಕೆ ಮಳೆ ಬಂದಿರಬೇಕಿಲ್ಲ, ರಂಗೋಲಿ ಹಾಕಲು ಯಾರೋ ನೀರು ಚಿಮುಕಿಸಿರಬಹುದು.

ಮೊದಲು ಎಸ್‌ಡಿ ಅಂದರೇನು ಅಂತ ಕೈಯಲ್ಲೇ ಲೆಕ್ಕ ಹಾಕಿ ನೋಡೋಣ. ಕನ್ನಡ ಮೀಡಿಯಂನಲ್ಲಿ ಓದಿದವರು ಇದನ್ನು "ಮಾನಕ ವಿಚಲನೆ" ಅಂತ ಹೈಸ್ಕೂಲಿನಲ್ಲೇ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತಿರುತ್ತಾರೆ. ಶೇರು ಮಾರುಕಟ್ಟೆಯ ನಿಫ್ಟಿ 50 ಸೂಚ್ಯಂಕ 2015ರಿಂದ 2024ರವರೆಗೆ ಒಂದೊಂದು ವರ್ಷ ಎಷ್ಟು ಏರಿತು, ಇಳಿಯಿತು ಅನ್ನುವುದು ಹೀಗಿದೆ. ಡಿವಿಡೆಂಡ್ ಬಿಟ್ಟು, ಹತ್ತಿರದ ಪೂರ್ಣ ಶೇಕಡಾ ಅಂಕಿ: −4, 3, 29, 3, 12, 15, 24, 4, 20, 9.

ಎಲ್ಲ ಕೂಡಿಸಿದರೆ 115. ಹತ್ತರಿಂದ ಭಾಗಿಸಿ, ಸರಾಸರಿ 11.5. ಈಗ ಒಂದೊಂದು ವರ್ಷವೂ ಈ ಸರಾಸರಿಯಿಂದ ಎಷ್ಟು ದೂರ ಇದೆ ನೋಡಿ. 2015 ಹದಿನೈದೂವರೆ ಕೆಳಗೆ. 2017 ಹದಿನೇಳೂವರೆ ಮೇಲೆ. 2019 ಹೆಚ್ಚುಕಡಿಮೆ ಸರಾಸರಿಯ ಮೇಲೇ ಕೂತಿದೆ. ಈ ದೂರಗಳನ್ನು ಸುಮ್ನೆ ಕೂಡಿಸಿದರೆ ಮೇಲಿನದೂ ಕೆಳಗಿನದೂ ವಜಾ ಆಗಿ ಸೊನ್ನೆ ಬರುತ್ತದೆ. ಅದಕ್ಕೇ ಪ್ರತಿಯೊಂದನ್ನೂ ವರ್ಗ ಮಾಡಿ ಕೂಡಿಸುತ್ತಾರೆ. ಮೊತ್ತ 994.5. ಇದನ್ನು 9ರಿಂದ ಭಾಗಿಸಿ (ಹತ್ತು ವರ್ಷದ ಮಾದರಿಗೆ ಒಂದು ಕಡಿಮೆ ಮಾಡುವುದು ರೂಢಿ) ವರ್ಗಮೂಲ ತೆಗೆದರೆ ಸುಮಾರು 10.5. ಅದೇ ಎಸ್‌ಡಿ. ಸ್ಪ್ರೆಡ್‌ಶೀಟ್‌ನಲ್ಲಾದರೆ ಹತ್ತು ಅಂಕಿಗಳನ್ನು B2ರಿಂದ B11ರವರೆಗೆ ಒಂದರ ಕೆಳಗೊಂದು ಹಾಕಿ ಇಷ್ಟು ಬರೆದರೆ ಸಾಕು:

```
=STDEV.S(B2:B11)
```

ಒಂದು ಮಾಮೂಲಿ ವರ್ಷ ಸರಾಸರಿಯಿಂದ ಅತ್ತ ಇತ್ತ ಎಷ್ಟು ಓಲಾಡುತ್ತದೆ ಅನ್ನುವ ಅಳತೆ ಇದು. ಸರಾಸರಿ 11.5, ಓಲಾಟ 10.5 ಅಂದರೆ ಮೂರರಲ್ಲಿ ಎರಡು ವರ್ಷ ಸುಮಾರು 1ರಿಂದ 22ರ ಒಳಗೆ ಬೀಳುತ್ತದೆ ಅನ್ನುವುದು ರೂಢಿಯ ಲೆಕ್ಕ. ಮೇಲಿನ ಹತ್ತರಲ್ಲಿ ಏಳು ವರ್ಷ ಹಾಗೇ ಬಿದ್ದಿವೆ.

ಒಂದು ವಿಷಯ ಗಮನಿಸಿದಿರಾ? ಆ 994.5ಕ್ಕೆ ಅತಿ ಹೆಚ್ಚು ಸೇರಿಸಿದ ವರ್ಷ ನಷ್ಟದ 2015 ಅಲ್ಲ, 29% ಏರಿದ 2017. ಎಸ್‌ಡಿಗೆ ಸುಖದ ಏರಿಕೆಯೂ ದುಃಖದ ಇಳಿಕೆಯೂ ಒಂದೇ. ದೂರ ಎಷ್ಟು ಅಂತ ಅಳೆಯುತ್ತದೆ ಹೊರತು ದಿಕ್ಕು ಕೇಳುವುದಿಲ್ಲ.

ಇನ್ನೊಂದು ಕುಂದಿದೆ, ಅದು ಇನ್ನೂ ದೊಡ್ಡದು. 2020ನೇ ಇಸವಿ ಈ ಪಟ್ಟಿಯಲ್ಲಿ "15" ಅಂತ ಎಷ್ಟು ಸಾಧುವಾಗಿ ಕೂತಿದೆ ನೋಡಿ. ಆ ವರ್ಷ ಜನವರಿಯಲ್ಲಿ 12,300 ದಾಟಿದ್ದ ನಿಫ್ಟಿ, ಮಾರ್ಚ್ 23ಕ್ಕೆ 7,610ಕ್ಕೆ ಬಂದಿತ್ತು. ಆ ಒಂದು ದಿನವೇ 13% ಬಿತ್ತು. ಬೆಳಗ್ಗೆ 10% ಬಿದ್ದಾಗ ವಹಿವಾಟನ್ನೇ 45 ನಿಮಿಷ ನಿಲ್ಲಿಸಿದ್ದರು. ಡಿಸೆಂಬರ್ 31ರ ಅಂಕಿ ಮಾತ್ರ ನೋಡುವವರಿಗೆ ಇದ್ಯಾವುದೂ ಕಾಣುವುದಿಲ್ಲ. ಅದಕ್ಕೇ ಫಂಡಿನ ವಿವರ ಕೊಡುವ ಫ್ಯಾಕ್ಟ್‌ಶೀಟ್‌ನವರು ವರ್ಷದ ಅಂಕಿ ಬಳಸುವುದಿಲ್ಲ. ಸಾಮಾನ್ಯವಾಗಿ ಕಳೆದ 36 ತಿಂಗಳ ರಿಟರ್ನ್ ತೆಗೆದು, ತಿಂಗಳ ಎಸ್‌ಡಿ ಹಿಡಿದು, ಅದನ್ನು 12ರ ವರ್ಗಮೂಲದಿಂದ, ಅಂದರೆ ಸುಮಾರು 3.46ರಿಂದ, ಗುಣಿಸಿ ವರ್ಷದ ಲೆಕ್ಕಕ್ಕೆ ತರುತ್ತಾರೆ. ನಿಮ್ಮ 17.6ರ ಫಂಡು ತಿಂಗಳಿಗೆ ಸುಮಾರು 5% ಅತ್ತಿತ್ತ ಓಲಾಡಿದೆ ಅಂತರ್ಥ. 12.8ರದು ಸುಮಾರು 3.7%.

ಈಗ ಅದೇ ನಿಫ್ಟಿಯ ಹಿಂದಿನ ಹತ್ತು ವರ್ಷ ನೋಡಿ, 2005ರಿಂದ 2014: 36, 40, 55, −52, 76, 18, −25, 28, 7, 31. ಇದರ ಸರಾಸರಿ 21.4, ಎಸ್‌ಡಿ 37. ಅದೇ ಸೂಚ್ಯಂಕ, ಅದೇ ಊರಿನ ಅದೇ ಮಾರುಕಟ್ಟೆ. ಒಂದು ದಶಕದಲ್ಲಿ 37, ಮುಂದಿನ ದಶಕದಲ್ಲಿ 10.5. ಹಾಗಾಗಿ ಫ್ಯಾಕ್ಟ್‌ಶೀಟ್‌ನ ಎಸ್‌ಡಿಯನ್ನು ಫಂಡಿನ ಹುಟ್ಟುಗುಣ ಅಂತ ಓದಬೇಡಿ. ಆ ಮೂರು ವರ್ಷದಲ್ಲಿ ಏನಾಯಿತೋ ಅದರ ಅಳತೆ ಅಷ್ಟೇ. ಶಾಂತವಾಗಿದ್ದ ಮೂರು ವರ್ಷ ಅಳೆದರೆ ಎಲ್ಲ ಫಂಡುಗಳೂ ಸಾಧುಗಳೇ.

ಹಾಗಾದರೆ ಜಾಸ್ತಿ ಏರಿಳಿತಕ್ಕೂ ಜಾಸ್ತಿ ಲಾಭಕ್ಕೂ ಸಂಬಂಧ ಎಲ್ಲಿಂದ ಬಂತು? ಬೆಲೆಯಿಂದ. ಎರಡು ಚೀಟಿ ಇವೆ ಅಂದುಕೊಳ್ಳಿ. ಮೊದಲ ಚೀಟಿ ಒಂದು ವರ್ಷದ ನಂತರ ಖಂಡಿತ 107 ರೂಪಾಯಿ ಕೊಡುತ್ತದೆ. ಎರಡನೆಯದಕ್ಕೆ ಒಂದು ನಾಣ್ಯ ಚಿಮ್ಮುತ್ತಾರೆ. ತಲೆ ಬಿದ್ದರೆ 147, ಬಾಲ ಬಿದ್ದರೆ 67. ಇದರ ಸರಾಸರಿಯೂ 107. ಮೊದಲನೆಯದು 100 ರೂಪಾಯಿಗೆ ಸಿಗುತ್ತಿದ್ದರೆ, ಎರಡನೆಯದಕ್ಕೆ ನೀವು 100 ಕೊಡುತ್ತೀರಾ? ನಾನಂತೂ ಕೊಡುವುದಿಲ್ಲ, ಹೆಚ್ಚಿನವರು ಕೊಡುವುದಿಲ್ಲ. ಮಾರುವವನು ಬೆಲೆ ಇಳಿಸಬೇಕು. 93ಕ್ಕೆ ಇಳಿಸಿದ ಅಂತಿಟ್ಟುಕೊಳ್ಳಿ. ಈಗ 93 ಹಾಕಿದವನಿಗೆ ಸರಾಸರಿ 107 ಬರುವುದಿದೆ, ಅಂದರೆ 15% ಲಾಭದ ನಿರೀಕ್ಷೆ. ಆದರೆ ಕೈಗೆ ಬರುವುದು 15% ಅಲ್ಲವೇ ಅಲ್ಲ. ಒಂದೋ 58% ಲಾಭ, ಇಲ್ಲ 28% ನಷ್ಟ. ಆ ಜಾಸ್ತಿ ಲಾಭದ ನಿರೀಕ್ಷೆ ಹುಟ್ಟಿದ್ದು ಏರಿಳಿತದಿಂದಲ್ಲ. ಏರಿಳಿತಕ್ಕೆ ಹೆದರಿ ಜನ ಕೇಳಿದ ರಿಯಾಯಿತಿಯಿಂದ.

ಇಲ್ಲೇ ನಿಮ್ಮ ಆಫೀಸಿನವರ ತಪ್ಪು ಇರುವುದು. ನಾಣ್ಯದ ಚೀಟಿಗಳು ನೂರು ಇವೆ, ಒಂದೊಂದಕ್ಕೂ ಬೇರೆ ಬೇರೆ ನಾಣ್ಯ. ನೀವು ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ತಗೊಂಡರೆ ಏನಾಗುತ್ತದೆ? ಅರ್ಧ ತಲೆ, ಅರ್ಧ ಬಾಲ. 40 ರೂಪಾಯಿಯ ಓಲಾಟ 4 ರೂಪಾಯಿಗೆ ಇಳಿದುಬಿಡುತ್ತದೆ, ಏಕೆಂದರೆ ನೂರರ ವರ್ಗಮೂಲ ಹತ್ತು. ಪುಕ್ಕಟೆ ಹೀಗೆ ಕಳೆದುಕೊಳ್ಳಬಹುದಾದ ಏರಿಳಿತಕ್ಕೆ ಯಾರೂ ರಿಯಾಯಿತಿ ಕೊಡುವುದಿಲ್ಲ. ನೀವು ಒಂದೇ ಕಂಪನಿಯ ಶೇರಿನಲ್ಲಿ 4 ಲಕ್ಷವನ್ನೂ ಹಾಕಿದರೆ ಎಸ್‌ಡಿ 40 ದಾಟಬಹುದು, ಆದರೆ ಅದರಲ್ಲಿ ಹೆಚ್ಚಿನ ಪಾಲಿಗೆ ಮಾರುಕಟ್ಟೆ ಸಂಬಳ ಕೊಡುವುದಿಲ್ಲ. ಸಂಬಳ ಸಿಗುವುದು ಎಲ್ಲ ನಾಣ್ಯಗಳೂ ಒಟ್ಟಿಗೆ ಬಾಲ ಬೀಳುವ ರಿಸ್ಕಿಗೆ. 2008, 2020ರ ಮಾರ್ಚ್ ಥರದ್ದು. ಎಷ್ಟು ಶೇರು ಹಂಚಿಟ್ಟುಕೊಂಡರೂ ಅದು ಹೋಗುವುದಿಲ್ಲ. ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ಈ ಹಂಚಿಕೆಯ ಲೆಕ್ಕವನ್ನು ಮೊದಲು ಕಟ್ಟಿದರು. ವಿಲಿಯಂ ಶಾರ್ಪ್ ಅದನ್ನು ಮುಂದುವರಿಸಿ ಯಾವ ರಿಸ್ಕಿಗೆ ಬೆಲೆ ಸಿಗುತ್ತದೆ ಅಂತ ಬಿಡಿಸಿ ಹೇಳಿದರು. 1990ರಲ್ಲಿ ಇಬ್ಬರೂ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು.

ಈಗ ಏರಿಳಿತದ ಇನ್ನೊಂದು ಗುಣ, ಇದನ್ನು ಏಜೆಂಟರು ಹೇಳುವುದು ಕಮ್ಮಿ. ಏರಿಳಿತ ತಾನೇ ದುಡ್ಡು ತಿನ್ನುತ್ತದೆ. 2008ರಲ್ಲಿ −52, 2009ರಲ್ಲಿ +76. ಎರಡು ವರ್ಷದ ಸರಾಸರಿ +12%, ಕೇಳಲು ಚೆನ್ನಾಗಿದೆ. ಆದರೆ 2007ರ ಕೊನೆಯಲ್ಲಿ ನಿಫ್ಟಿ 6,138 ಇತ್ತು, 2009ರ ಕೊನೆಯಲ್ಲಿ 5,201. ಒಂದು ಲಕ್ಷ ಹಾಕಿದವರ ಹತ್ತಿರ ಉಳಿದದ್ದು ಸುಮಾರು 84,700. ಸರಾಸರಿ 12% ಲಾಭ, ಜೇಬಿನಲ್ಲಿ 15% ನಷ್ಟ! ಮೋಸ ಏನೂ ಇಲ್ಲ. 76% ಏರಿದ್ದು 100ರ ಮೇಲಲ್ಲ, ಬಿದ್ದು ಉಳಿದಿದ್ದ 48ರ ಮೇಲೆ.

ಇದಕ್ಕೆ ಒಂದು ಅಂದಾಜಿನ ಸೂತ್ರ ಇದೆ. ಸರಾಸರಿಯಿಂದ ಎಸ್‌ಡಿಯ ವರ್ಗದ ಅರ್ಧ ಕಳೆಯಿರಿ, ನಿಜವಾಗಿ ಬೆಳೆದ ದರ ಹತ್ತಿರ ಹತ್ತಿರ ಸಿಗುತ್ತದೆ. 2005–2014ರಲ್ಲಿ ಎಸ್‌ಡಿ 37%, ಅಂದರೆ 0.37. ಅದರ ವರ್ಗದ ಅರ್ಧ ಸುಮಾರು 7%. ಸರಾಸರಿ 21.4ರಲ್ಲಿ 7 ಹೋದರೆ 14.4. ನಿಫ್ಟಿ ಆ ಹತ್ತು ವರ್ಷದಲ್ಲಿ 2,080ರಿಂದ 8,282ಕ್ಕೆ ಹೋಯಿತು, ಅಂದರೆ ಚಕ್ರಬಡ್ಡಿ ಲೆಕ್ಕದಲ್ಲಿ ವರ್ಷಕ್ಕೆ 14.8%. ಸೂತ್ರ ಅಷ್ಟು ಹತ್ತಿರ ಬಂತು. 2015–2024ರಲ್ಲಿ ಎಸ್‌ಡಿ ಬರೀ 10.5 ಇದ್ದದ್ದರಿಂದ ಕಳೆಯುವುದು ಅರ್ಧ ಶೇಕಡಾ ಮಾತ್ರ. ಸರಾಸರಿ 11.5, ನಿಜವಾಗಿ ಬೆಳೆದದ್ದು 11.1. ಏರಿಳಿತ ಎರಡರಷ್ಟಾದರೆ ತಿನ್ನುವುದು ನಾಲ್ಕರಷ್ಟಾಗುತ್ತದೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ. (ಫ್ಯಾಕ್ಟ್‌ಶೀಟ್‌ನಲ್ಲಿ ಸಿಎಜಿಆರ್, ಅಂದರೆ ಚಕ್ರಬಡ್ಡಿ ಲೆಕ್ಕದ ವರ್ಷದ ದರ, ಅಂತ ಕೊಟ್ಟಿದ್ದರೆ ಆ ತಿಂದದ್ದು ಅದರಲ್ಲಿ ಆಗಲೇ ಕಳೆದಿರುತ್ತದೆ, ಮತ್ತೆ ಕಳೆಯಬೇಡಿ.)

ಈಗ ನಿಮ್ಮ ಎರಡು ಫಂಡಿಗೆ ಬರೋಣ. ಎರಡನೆಯದು 0.9% ಜಾಸ್ತಿ ಕೊಟ್ಟಿದೆ, 4.8 ಜಾಸ್ತಿ ಓಲಾಡಿದೆ. ಇವನ್ನು ಒಂದೇ ತಕ್ಕಡಿಗೆ ತರಲು ಒಂದು ಉಪಾಯ ಇದೆ. ಎರಡನೇ ಫಂಡಿಗೆ ಸ್ವಲ್ಪ ಎಫ್‌ಡಿ ಬೆರೆಸಿ, ಅದರ ಓಲಾಟವನ್ನು ಮೊದಲನೆಯದರ ಮಟ್ಟಕ್ಕೆ ಇಳಿಸಿ. ಎಫ್‌ಡಿ ಓಲಾಡುವುದಿಲ್ಲ, ಹಾಗಾಗಿ ಲೆಕ್ಕ ಸುಲಭ. 12.8ನ್ನು 17.6ರಿಂದ ಭಾಗಿಸಿದರೆ ಸುಮಾರು 0.73. ಅಂದರೆ 73% ಎರಡನೇ ಫಂಡು, 27% ಎಫ್‌ಡಿ. ಎಫ್‌ಡಿಗೆ 6.5% ಬಡ್ಡಿ ಅಂತಿಟ್ಟುಕೊಂಡರೆ ಈ ಮಿಶ್ರಣ ಕೊಟ್ಟಿರುತ್ತಿದ್ದದ್ದು ಸುಮಾರು 12.8%. ಅಷ್ಟೇ ಓಲಾಟಕ್ಕೆ ಮೊದಲ ಫಂಡು ಕೊಟ್ಟದ್ದು 14.2%. ಹತ್ತಿರ ಹತ್ತಿರ ಒಂದೂವರೆ ಶೇಕಡಾ ಜಾಸ್ತಿ. ಫ್ಯಾಕ್ಟ್‌ಶೀಟ್‌ನಲ್ಲಿ ಎಸ್‌ಡಿಯ ಪಕ್ಕದಲ್ಲೇ ಇರುವ ಶಾರ್ಪ್ ರೇಶಿಯೋ ಹೇಳುವುದೂ ಇದನ್ನೇ. ರಿಟರ್ನ್‌ನಿಂದ 6.5 ಕಳೆದು ಎಸ್‌ಡಿಯಿಂದ ಭಾಗಿಸಿ. ಮೊದಲನೆಯದಕ್ಕೆ 0.60, ಎರಡನೆಯದಕ್ಕೆ 0.49. ಎರಡನೇ ಫಂಡಿನವರು ನಿಮ್ಮಿಂದ ಹೆಚ್ಚು ನಿದ್ದೆ ಕಿತ್ತುಕೊಂಡು, ಪ್ರತಿ ನಿದ್ದೆಗೆಟ್ಟ ರಾತ್ರಿಗೆ ಕಡಿಮೆ ಕೊಟ್ಟಿದ್ದಾರೆ.

ಆದರೆ ಇಲ್ಲಿ ನನ್ನ ಲೆಕ್ಕಕ್ಕೇ ನಾನು ಅಡ್ಡ ಮಾತಾಡಬೇಕು. 36 ತಿಂಗಳಲ್ಲಿ ಓಲಾಟವನ್ನು ಒಂದು ಮಟ್ಟಿಗೆ ಅಳೆಯಬಹುದು. ಸರಾಸರಿ ಲಾಭವನ್ನು ಅಳೆಯಲು ಆಗುವುದೇ ಇಲ್ಲ. 17.6 ಓಲಾಡುವ ವಸ್ತುವಿನ ಮೂರು ವರ್ಷದ ಸರಾಸರಿಯಲ್ಲಿ ಅದೃಷ್ಟದ ಪಾಲು ಎಷ್ಟಿರಬಹುದು ಅಂದರೆ, 17.6ನ್ನು 3ರ ವರ್ಗಮೂಲದಿಂದ ಭಾಗಿಸಿ: ಸುಮಾರು 10%. ಅಂದರೆ ಆ 15.1% ಹಿಂದೆ ಇರುವ "ನಿಜವಾದ" ದರ 5% ಇರಬಹುದು, 25% ಇರಬಹುದು. ಇಷ್ಟು ಮಂಜಿನಲ್ಲಿ 14.2ಕ್ಕೂ 15.1ಕ್ಕೂ ಇರುವ ವ್ಯತ್ಯಾಸ ಏನೂ ಅಲ್ಲ. ಸುಮ್ನೆ ಗದ್ದಲ. ಜನ ರಿಟರ್ನ್ ಅಂಕಿಯನ್ನು ನಂಬಿ ಎಸ್‌ಡಿಯನ್ನು ಅನುಮಾನಿಸುತ್ತಾರೆ. ಮಾಡಬೇಕಾದದ್ದು ಇದರ ಉಲ್ಟಾ. ಎರಡೂ ಒಂದೇ ಬಗೆಯ ಫಂಡಾಗಿದ್ದರೆ (ಇದನ್ನು ಮೊದಲು ನೋಡಿಕೊಳ್ಳಿ, ಒಂದು ದೊಡ್ಡ ಕಂಪನಿಗಳ ಲಾರ್ಜ್ ಕ್ಯಾಪ್ ಇನ್ನೊಂದು ಸಣ್ಣ ಕಂಪನಿಗಳ ಸ್ಮಾಲ್ ಕ್ಯಾಪ್ ಆಗಿದ್ದರೆ ಈ ಹೋಲಿಕೆಯೇ ಬೇಡ), ಮುಂದೆ ಎರಡೂ ಒಂದೇ ಥರ ಬೆಳೆಯಬಹುದು ಅಂದುಕೊಂಡು, ಕಡಿಮೆ ಓಲಾಡುವುದನ್ನು ಆರಿಸುವುದು ಸರಿ.

ಹಾಗಂತ ಎಸ್‌ಡಿ ಕಡಿಮೆ ಇದ್ದದ್ದೆಲ್ಲ ಭದ್ರ ಅಂತಲೂ ಅಲ್ಲ. 2020ರ ಏಪ್ರಿಲ್‌ನಲ್ಲಿ ಒಂದು ದೊಡ್ಡ ಫಂಡ್ ಕಂಪನಿ ತನ್ನ ಆರು ಸಾಲಪತ್ರ ಫಂಡುಗಳನ್ನು ರಾತ್ರೋರಾತ್ರಿ ಮುಚ್ಚಿತು, ಜನರ ದುಡ್ಡು ಒಳಗೆ ಸಿಕ್ಕಿಬಿತ್ತು. ಇಂಥ ಫಂಡುಗಳ ಗ್ರಾಫು ಅಲ್ಲಿಯವರೆಗೆ ಎಳೆದ ಗೆರೆಯಂತೆ ಇರುತ್ತದೆ. ಒಳಗಿನ ಪತ್ರಗಳು ದಿನಾ ಮಾರಾಟವೇ ಆಗದಿದ್ದಾಗ ಬೆಲೆ ಓಲಾಡುವುದಾದರೂ ಹೇಗೆ? ಸೈಟಿನ ಕಥೆಯೂ ಇದೇ. "ಸೈಟಿನ ರೇಟು ಯಾವತ್ತೂ ಬಿದ್ದಿಲ್ಲ" ಅನ್ನುವವರ ಸೈಟಿಗೆ ದಿನಾ ಬೆಳಗ್ಗೆ 9.15ಕ್ಕೆ ಯಾರೂ ಬೆಲೆ ಕೂಗುವುದಿಲ್ಲ. ಅಡಿಕೆ ಧಾರಣೆ ಹಾಗಲ್ಲ, ಮಂಡಿಯಲ್ಲಿ ಕೂಗುತ್ತಾರೆ, ಅದಕ್ಕೇ ನಿಮ್ಮ ಕಡೆಯವರಿಗೆ ಏರಿಳಿತ ಅಂದರೇನು ಅಂತ ಗೊತ್ತು.

ಇನ್ನು ನಿಮ್ಮ ನಾಲ್ಕು ವರ್ಷ. ನಿಜ ಹೇಳಬೇಕೆಂದರೆ ಯಾವ ಫಂಡು ಅನ್ನುವುದಕ್ಕಿಂತ ಇದೇ ಮುಖ್ಯ ಪ್ರಶ್ನೆ. 2007ರ ಕೊನೆಯಲ್ಲಿ ನಿಫ್ಟಿಯಲ್ಲಿ 4 ಲಕ್ಷ ಇಟ್ಟು ನಾಲ್ಕು ವರ್ಷ ಕಾದವರಿಗೆ, ಡಿವಿಡೆಂಡ್ ಬಿಟ್ಟು, 2011ರ ಕೊನೆಯಲ್ಲಿ ಸಿಕ್ಕಿದ್ದು ಸುಮಾರು 3 ಲಕ್ಷ. ಅದೇ 2011ರ ಕೊನೆಯಲ್ಲಿ ಇಟ್ಟು 2015ರ ಕೊನೆಗೆ ತೆಗೆದವರಿಗೆ ಸುಮಾರು 6.9 ಲಕ್ಷ. ಇಬ್ಬರೂ ನಾಲ್ಕೇ ವರ್ಷ ಕಾದರು. ಮಗಳು ಯಾವ ಇಸವಿಯಲ್ಲಿ ಹುಟ್ಟಿದಳು ಅನ್ನುವುದೇ ಫೀಸು ಕಟ್ಟಲು ಆಗುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸಿಬಿಟ್ಟ ಹಾಗಾಯಿತು ಅಲ್ವಾ?

"ಹದಿನೈದು ವರ್ಷ ಬಿಟ್ಟರೆ ರಿಸ್ಕೇ ಇರಲ್ಲ" ಅನ್ನುವ ಮಾತೂ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಅದೂ ಪೂರ್ತಿ ನಿಜವಲ್ಲ. ಸರಾಸರಿ 12, ಎಸ್‌ಡಿ 16 ಅಂತ ಊಹಿಸಿಕೊಂಡು ಲೆಕ್ಕ ಹಾಕಿದರೆ, 15 ವರ್ಷದಲ್ಲಿ ಬೆಳೆಯುವ ದರ ಮೂರರಲ್ಲಿ ಎರಡು ಸಲ ವರ್ಷಕ್ಕೆ 6.6ರಿಂದ 14.8ರ ಒಳಗೆ ಬೀಳುತ್ತದೆ. ವರ್ಷದ ದರದಲ್ಲಿ ಓಲಾಟ ಕಿರಿದಾಯಿತು, ಒಪ್ಪಿದೆ. ರೂಪಾಯಿಯಲ್ಲಿ ನೋಡಿ: 1 ಲಕ್ಷ 2.6 ಲಕ್ಷವಾಗಬಹುದು, 7.9 ಲಕ್ಷವೂ ಆಗಬಹುದು. 7% ಎಫ್‌ಡಿ ಅಷ್ಟೇ ವರ್ಷಕ್ಕೆ ಸುಮ್ನೆ ಕೂತು 2.76 ಲಕ್ಷ ಕೊಡುತ್ತದೆ. ಅಂದರೆ ಇಷ್ಟೆಲ್ಲ ಕಾದ ಮೇಲೂ ಸುಮಾರು ಆರರಲ್ಲಿ ಒಂದು ಸಲ ಎಫ್‌ಡಿಗಿಂತ ಹಿಂದೆ ಉಳಿಯುವ ಸಾಧ್ಯತೆ ಇದೆ. ಆ ಸಾಧ್ಯತೆ ಇರುವುದರಿಂದಲೇ ಉಳಿದ ಐದು ಸಲ ಜಾಸ್ತಿ ಸಿಗುತ್ತದೆ. ಅದು ಇಲ್ಲದಿದ್ದರೆ ಎಲ್ಲರೂ ನುಗ್ಗಿ ಕೊಂಡು, ಬೆಲೆ ಏರಿ, ಆ ಚೀಟಿಯೂ 100 ರೂಪಾಯಿಯದೇ ಆಗಿಬಿಡುತ್ತಿತ್ತು.

ನಾನು ನಿಮ್ಮ ಜಾಗದಲ್ಲಿದ್ದರೆ 3 ಲಕ್ಷ ಎಫ್‌ಡಿಯಲ್ಲಿ ಇಟ್ಟು, 1 ಲಕ್ಷ ಮಾತ್ರ ಮೊದಲ ಫಂಡಿಗೆ ಹಾಕುತ್ತಿದ್ದೆ. ಇಡೀ ಗಂಟಿನ ಓಲಾಟ ಆಗ 12.8ರ ಕಾಲು ಭಾಗ, ವರ್ಷಕ್ಕೆ ಸುಮಾರು 3.2. 7% ಸಿಕ್ಕರೆ 3 ಲಕ್ಷ ನಾಲ್ಕು ವರ್ಷಕ್ಕೆ 3.93 ಲಕ್ಷವಾಗುತ್ತದೆ, ಬಡ್ಡಿಯ ಮೇಲಿನ ತೆರಿಗೆ ಬೇರೆ. 2008ರ ಥರ ಫಂಡಿನ ದುಡ್ಡು ಅರ್ಧ ಆದರೂ ಒಟ್ಟು 4.4 ಲಕ್ಷದ ಹತ್ತಿರ ಇರುತ್ತದೆ, ಫೀಸಿನ ದುಡ್ಡು ಕರಗುವುದಿಲ್ಲ. ಫಂಡಿನ ಆ ಒಂದು ಲಕ್ಷವನ್ನು ಮಗಳು ಎರಡನೇ ಪಿಯುಸಿಗೆ ಬರುವ ಹೊತ್ತಿಗೆ ಮೂರು ನಾಲ್ಕು ಕಂತಿನಲ್ಲಿ ಎಫ್‌ಡಿಗೆ ದಾಟಿಸಿ. ಮಾರುಕಟ್ಟೆ ಮೇಲಿದ್ದರೂ ದಾಟಿಸಿ, ಕೆಳಗಿದ್ದರೂ ದಾಟಿಸಿ. ಫಾರ್ಮ್ ಹಾಕುವ ಮುಂಚೆ ಎಕ್ಸಿಟ್ ಲೋಡ್ ಎಷ್ಟು ದಿನದವರೆಗೆ ಇದೆ ಅಂತ ಒಮ್ಮೆ ಓದಿಕೊಳ್ಳಿ. ಹೆಚ್ಚಿನ ಈಕ್ವಿಟಿ ಫಂಡುಗಳಲ್ಲಿ ಒಂದು ವರ್ಷದ ಒಳಗೆ ತೆಗೆದರೆ 1% ಹಿಡಿಯುತ್ತಾರೆ.